ಕೊಲೊಕ್ವಿಯಂ ಅಂಕವೊಂದರಿಂದ 1.2 ತಲುಪಬಹುದೇ? ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ಹಂತ

ಪಾವಗಡದ ಹುಡುಗಿ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಜಲ ತಂತ್ರಜ್ಞಾನದ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಪಾಠ, ಪರೀಕ್ಷೆ, ಇಂಟರ್ನ್‌ಶಿಪ್ ಎಲ್ಲ ಮುಗಿದಿವೆ. ಪ್ರಬಂಧವನ್ನು ಕಳೆದ ತಿಂಗಳು ಸಲ್ಲಿಸಿದೆ. ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವುದು ಅದರ ವಿಷಯ. ಏಕೆ ಆ ವಿಷಯ ಎಂದು ನನ್ನ ಹೆಸರೇ ಹೇಳುತ್ತದೆ. ಇನ್ನು ಉಳಿದಿರುವುದು ಇಬ್ಬರು ಪರೀಕ್ಷಕರ ಎದುರು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಕೊಲೊಕ್ವಿಯಂ ಒಂದೇ. ಅದಕ್ಕೆ ಮೂರು ವಾರಗಳಿವೆ.

ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಗೊತ್ತಿರುವವರಿಗೆ ಗೊತ್ತು. 1.0 ಎಂದರೆ ಶಿಖರ, 4.0 ದಾಟಿದರೆ ಅನುತ್ತೀರ್ಣ. ನಮ್ಮ ವಿಭಾಗದಲ್ಲಿ ಒಟ್ಟು ಅಂಕ 1.2 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಪ್ರಮಾಣಪತ್ರದ ಮೇಲೆ ಡಿಸ್ಟಿಂಕ್ಷನ್ ಎಂದು ಅಚ್ಚಾಗುತ್ತದೆ. ಪೋರ್ಟಲ್‌ನಲ್ಲಿ ನನ್ನ ಈಗಿನ ಸರಾಸರಿ 1.3 ಎಂದು ತೋರಿಸುತ್ತಿದೆ. ಕೊಲೊಕ್ವಿಯಂನಲ್ಲಿ 1.0 ಬಂದರೆ 1.2ಕ್ಕೆ ಏರಬಹುದೇ? ಯಾರಾದರೂ ಹೀಗೆ ಕೊನೆಯ ಮೆಟ್ಟಿಲಲ್ಲಿ ಹತ್ತಿದ್ದೀರಾ?

ಜೋಳದರೊಟ್ಟಿ

ಸುಲಭದ ಲೆಕ್ಕ. ಕೋರ್ಸ್‌ಗಳ 90 ಕ್ರೆಡಿಟ್‌ಗೆ 1.3ರಂತೆ 117 ಆಯಿತು. ಪ್ರಬಂಧದ 30 ಕ್ರೆಡಿಟ್‌ಗೆ 1.0 ಬಂದರೆ 30. ಒಟ್ಟು 147ನ್ನು 120ರಿಂದ ಭಾಗಿಸಿದರೆ 1.225. ದುಂಡಾಗಿಸಿದರೆ 1.2. ನಿಮಗೆ ಡಿಸ್ಟಿಂಕ್ಷನ್ ಬಂದಹಾಗೆಯೇ. ಅಲ್ಲದೆ 1.5ರವರೆಗೆ ಹೇಗೂ ‘ಅತ್ಯುತ್ತಮ’ ಎಂದೇ ಬರೆಯುತ್ತಾರಲ್ಲ, ಎರಡೂ ಒಂದೇ ಅಲ್ಲವೇ? ಪಾರ್ಟಿ ಯಾವಾಗ?

ಎಲ್ಬೆ ದಂಡೆ

ಪಾರ್ಟಿಯನ್ನು ಸ್ವಲ್ಪ ಮುಂದೂಡಿ. ನಾನು ಓದುವಾಗ ಎರಡು ವರ್ಷ ವಿಭಾಗದ ಪರೀಕ್ಷಾ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದೆ. ಇದೇ ಲೆಕ್ಕವನ್ನು ಇದೇ ರೀತಿ ತಪ್ಪಾಗಿ ಮಾಡಿಕೊಂಡು ಬಂದವರನ್ನು ಕಂಡಿದ್ದೇನೆ.

ಜೋಳದರೊಟ್ಟಿಯವರ ಭಾಗಾಕಾರ ಸರಿಯಾಗಿದೆ, ಭಾಗಿಸಿದ ಸಂಖ್ಯೆಗಳು ಸರಿಯಿಲ್ಲ. ಮೊದಲನೆಯದಾಗಿ, ಪೋರ್ಟಲ್‌ನ 1.3 ನಿಜವಾದ 1.3 ಆಗಿರಬೇಕೆಂದಿಲ್ಲ. ಇಲ್ಲಿನ ಬಹುತೇಕ ನಿಯಮಾವಳಿಗಳಲ್ಲಿ ಸರಾಸರಿಯನ್ನು ದುಂಡಾಗಿಸುವುದಿಲ್ಲ. ಮೊದಲ ದಶಮಾಂಶ ಸ್ಥಾನವನ್ನು ಉಳಿಸಿ ಮುಂದಿನದನ್ನೆಲ್ಲ ಕತ್ತರಿಸುತ್ತಾರೆ. 1.30 ಕೂಡ 1.3, 1.39 ಕೂಡ 1.3. ನೀವು ಯಾವ ತುದಿಯಲ್ಲಿದ್ದೀರಿ ಎಂಬುದು ಪರದೆಯಲ್ಲಿ ಕಾಣುವುದಿಲ್ಲ. ಆದರೆ ಅದೇ ಕತ್ತರಿ ಕೊನೆಯಲ್ಲಿ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ: ಒಟ್ಟು 1.29 ಬಂದರೂ ಪ್ರಮಾಣಪತ್ರದಲ್ಲಿ 1.2 ಎಂದೇ ಇರುತ್ತದೆ.

ಎರಡನೆಯದಾಗಿ, ಆ 90 ಕ್ರೆಡಿಟ್‌ಗಳಲ್ಲಿ ಅಂಕವೇ ಇಲ್ಲದವು ಇರುತ್ತವೆ. ಇಂಟರ್ನ್‌ಶಿಪ್, ಭಾಷಾ ಕೋರ್ಸ್ ಮುಂತಾದವಕ್ಕೆ ಉತ್ತೀರ್ಣ ಎಂದು ಬರೆದು ಬಿಡುತ್ತಾರೆ. ಅವು ಭಾಗಾಕಾರದಿಂದ ಹೊರಗೆ ಉಳಿಯುತ್ತವೆ. ಹಾಗಾದಾಗ ಪ್ರಬಂಧದ ತೂಕ ಹೆಚ್ಚುತ್ತದೆ, ಅದು ನಿಮಗೆ ಅನುಕೂಲ.

ಇನ್ನು ‘ಅತ್ಯುತ್ತಮ’ ಎಂಬ ದರ್ಜೆ 1.5ರವರೆಗೆ ಇರುವುದು ನಿಜ, ಆದರೆ ಡಿಸ್ಟಿಂಕ್ಷನ್ ಅದರ ಮೇಲಿನ ಬೇರೆಯೇ ಗೆರೆ, ಆ ಗೆರೆ ಊರಿಂದ ಊರಿಗೆ ಬದಲಾಗುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1.0ರಿಂದ 1.2. ಬೇರೆ ಕಡೆ ಬೇರೆ ಗೆರೆ, ಕೆಲವು ಕಡೆ ಪ್ರಬಂಧದ ಅಂಕಕ್ಕೆ ಪ್ರತ್ಯೇಕ ಷರತ್ತೂ ಇದೆ.

ಆದ್ದರಿಂದ ಪ್ರತಿ ಮಾಡ್ಯೂಲ್‌ನ ಅಂಕ ಮತ್ತು ಕ್ರೆಡಿಟ್, ಯಾವುದಕ್ಕೆ ಅಂಕವಿಲ್ಲ ಎಂಬುದು, ಪ್ರಬಂಧಕ್ಕೂ ಕೊಲೊಕ್ವಿಯಂಗೂ ಇರುವ ಪಾಲು, ಮತ್ತು ಸರಾಸರಿ ಕತ್ತರಿಸುವ ಬಗ್ಗೆ ನಿಮ್ಮ ನಿಯಮಾವಳಿಯ ಮಾತು, ಇಷ್ಟನ್ನು ಇಲ್ಲಿ ಹಾಕಿ. ನೀವು ಸೇರಿದ ವರ್ಷದ ನಿಯಮಾವಳಿಯನ್ನೇ ನೋಡಿ. ಜಾಲತಾಣದಲ್ಲಿ ಮೇಲೆ ಕಾಣುವುದು ಹೊಸ ತಂಡದ್ದಾಗಿರಬಹುದು.

ಎಂಟೆಕ್ ಮುಗಿಸಿದವನು

ನನ್ನದೂ ಇಂಥದೇ ಕತೆ. ನಾನು ಓದುವಾಗ ವಿಟಿಯುನಲ್ಲಿ ಡಿಸ್ಟಿಂಕ್ಷನ್‌ಗೆ ಸಿಜಿಪಿಎ 7.75 ಬೇಕಿತ್ತು. ಮೂರು ಸೆಮಿಸ್ಟರ್ ಮುಗಿದಾಗ 68 ಕ್ರೆಡಿಟ್‌ಗೆ ನನ್ನದು 7.62. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಒಂದಕ್ಕೇ 20 ಕ್ರೆಡಿಟ್. ಲೆಕ್ಕ ಹಾಕಿದರೆ 8.2 ಪಾಯಿಂಟ್ ಬೇಕಿತ್ತು. ಗ್ರೇಡ್ ಪಾಯಿಂಟ್ ಪೂರ್ಣಾಂಕವಾದ್ದರಿಂದ 8 ಬಂದರೆ ಸೋಲು, 9 ಬಂದರೆ ಗೆಲುವು. ಅಂದರೆ ನೂರಕ್ಕೆ 80 ದಾಟಲೇಬೇಕು. 84 ಬಂತು, 7.93ಕ್ಕೆ ಹೋಯಿತು. ವೈವಾದಲ್ಲಿ ಬಾಹ್ಯ ಪರೀಕ್ಷಕರು ಕೇಳಿದ್ದು ಎರಡೇ ಪ್ರಶ್ನೆ, ಅದರಲ್ಲೊಂದು ನನ್ನ ಊರು ಯಾವುದು ಎಂದು. ಧೈರ್ಯವಾಗಿರಿ.

ಎಲ್ಬೆ ದಂಡೆ

ಅಭಿನಂದನೆ. ಆದರೆ ನಿಮ್ಮಲ್ಲಿ 88ರಲ್ಲಿ 20 ಕ್ರೆಡಿಟ್‌ಗೆ ವರದಿ ಮತ್ತು ವೈವಾ ಸೇರಿ ಒಂದೇ ಗ್ರೇಡ್. ಇಲ್ಲಿ ಬರವಣಿಗೆ ಬೇರೆ, ಸಮರ್ಥನೆ ಬೇರೆ. ಅಲ್ಲಿಯೇ ಲೆಕ್ಕ ಸಿಕ್ಕಾಗುವುದು.

ಪಾವಗಡದ ಹುಡುಗಿ

ರಾತ್ರಿ ಕೂತು ಎಲ್ಲವನ್ನೂ ಹುಡುಕಿದೆ. ಅಂಕವಿರುವ ಮಾಡ್ಯೂಲ್‌ಗಳು 13, ಪ್ರತಿಯೊಂದೂ 6 ಕ್ರೆಡಿಟ್, ಒಟ್ಟು 78. ಐದರಲ್ಲಿ 1.0, ನಾಲ್ಕರಲ್ಲಿ 1.3, ಎರಡರಲ್ಲಿ 1.7, ಒಂದರಲ್ಲಿ 2.0, ಒಂದರಲ್ಲಿ 2.3. ಆ 2.3 ಮೊದಲ ಸೆಮಿಸ್ಟರ್‌ನ ದ್ರವ ಚಲನಶಾಸ್ತ್ರ. ಊರಿಂದ ಬಂದು ಆರು ವಾರವಾಗಿತ್ತು, ಕೋಣೆಯೂ ಸಿಕ್ಕಿರಲಿಲ್ಲ. ಇಂಟರ್ನ್‌ಶಿಪ್ ಮತ್ತು ಜರ್ಮನ್ ಭಾಷೆ ಸೇರಿ 12 ಕ್ರೆಡಿಟ್‌ಗೆ ಅಂಕವಿಲ್ಲ.

ಪ್ರಬಂಧದ ಮಾಡ್ಯೂಲ್ 30 ಕ್ರೆಡಿಟ್. ಅದರೊಳಗೆ ಬರವಣಿಗೆಗೆ ಮೂರು ಪಾಲು, ಕೊಲೊಕ್ವಿಯಂಗೆ ಒಂದು ಪಾಲು. ಒಟ್ಟು ಅಂಕ ಕ್ರೆಡಿಟ್ ತೂಕದ ಸರಾಸರಿ. ನೀವು ಹೇಳಿದಂತೆಯೇ ಮೊದಲ ದಶಮಾಂಶದ ನಂತರದ್ದನ್ನು ದುಂಡಾಗಿಸದೆ ಕೈಬಿಡಲಾಗುವುದು ಎಂದಿದೆ. ಪ್ರತ್ಯೇಕ ಷರತ್ತೇನೂ ಇಲ್ಲ.

ಎಲ್ಬೆ ದಂಡೆ

ಈಗ ನೆಲ ಸಿಕ್ಕಿತು.

ನಿಮ್ಮ 13 ಅಂಕಗಳನ್ನು ಕೂಡಿದರೆ 17.9. ಆರರಿಂದ ಗುಣಿಸಿದರೆ 107.4. ಅಂದರೆ ನಿಮ್ಮ ನಿಜವಾದ ಸರಾಸರಿ 1.377. ಪೋರ್ಟಲ್ ಅದನ್ನೇ 1.3 ಎಂದು ತೋರಿಸುತ್ತಿದೆ. ಅಂಚಿನ ಕೆಟ್ಟ ಬದಿಯಲ್ಲಿದ್ದೀರಿ.

ಅಂಕವಿರುವ ಒಟ್ಟು ಕ್ರೆಡಿಟ್ 108. ಪ್ರಮಾಣಪತ್ರದಲ್ಲಿ 1.2 ಎಂದು ಬರಬೇಕಾದರೆ ಸರಾಸರಿ 1.3ಕ್ಕಿಂತ ಕೂದಲೆಳೆಯಷ್ಟಾದರೂ ಕೆಳಗಿರಬೇಕು. 108ನ್ನು 1.3ರಿಂದ ಗುಣಿಸಿದರೆ 140.4. ಅದರಲ್ಲಿ 107.4 ಖರ್ಚಾಗಿದೆ. ಉಳಿದಿದ್ದು 33. ಪ್ರಬಂಧದ ಮಾಡ್ಯೂಲ್ 30 ಕ್ರೆಡಿಟ್ ಆದ್ದರಿಂದ ಅದರ ಅಂಕ 1.1ಕ್ಕಿಂತ ಕಡಿಮೆ ಇರಬೇಕು. ಸರಿಯಾಗಿ 1.1 ಬಂದರೆ ಒಟ್ಟು ಸರಿಯಾಗಿ 1.3 ಆಗುತ್ತದೆ, ಬಾಗಿಲು ಮುಚ್ಚುತ್ತದೆ.

ಇನ್ನು ಒಳಗಿನ ಪಾಲು. ಬರವಣಿಗೆಗೆ 1.0 ಬಂದು ಕೊಲೊಕ್ವಿಯಂನಲ್ಲಿ 1.3 ಬಂದರೂ ಮಾಡ್ಯೂಲ್ 1.075 ಆಗುತ್ತದೆ, ನೀವು ಗೆದ್ದಿರಿ. ಕೊಲೊಕ್ವಿಯಂ 1.7ಕ್ಕೆ ಜಾರಿದರೆ 1.175, ಸೋತಿರಿ. ಆದರೆ ಬರವಣಿಗೆಗೇ 1.3 ಬಂದರೆ ಕೊಲೊಕ್ವಿಯಂನಲ್ಲಿ 1.0 ತಂದರೂ 1.225. ಯಾವ ಸಮರ್ಥನೆಯೂ ಅದನ್ನು ಎತ್ತಲಾರದು.

ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಇದು: ಕೊಲೊಕ್ವಿಯಂ ನಿಮ್ಮನ್ನು ಮೇಲೆತ್ತುವುದಕ್ಕಿಂತ ಹೆಚ್ಚಾಗಿ ಕೆಳಗೆ ಬೀಳಿಸಬಲ್ಲದು. ಎತ್ತುವ ಕೆಲಸ ಈಗಾಗಲೇ ಸಲ್ಲಿಸಿರುವ ಪುಸ್ತಕದ್ದು. ಅದರ ಅಂಕ ಗೊತ್ತಾಗಿದೆಯೇ?

ನೇರಮಾತು

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹನ್ನೊಂದು ವರ್ಷದಿಂದ ಷ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸಂದರ್ಶನಗಳಲ್ಲೂ ಕೂತಿದ್ದೇನೆ. 1.2 ಮತ್ತು 1.3ರ ನಡುವೆ ವ್ಯತ್ಯಾಸ ಮಾಡಿದವರನ್ನು ನಾನು ನೋಡಿಲ್ಲ. ಜರ್ಮನ್ ಭಾಷೆ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಈ ಮೂರು ವಾರ ಅದಕ್ಕೆ ಕೊಡಬಾರದೇ?

ಪಾವಗಡದ ಹುಡುಗಿ

ಬೇಸರವೇನಿಲ್ಲ ಸರ್. ಕೆಲಸಕ್ಕಾಗಿ ಅಲ್ಲ. ಪಿಎಚ್‌ಡಿಗೆ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿದ್ದೇನೆ, ಅದರ ನಮೂನೆಯಲ್ಲಿ ಡಿಸ್ಟಿಂಕ್ಷನ್ ಇದೆಯೇ ಎಂಬ ಚೌಕವೊಂದಿದೆ. ಇನ್ನೊಂದು ಕಾರಣ ಅಪ್ಪ. ಅವರಿಗೆ 1.3 ಎಂದರೆ ಏನೆಂದು ಮೂರು ಸಲ ವಿವರಿಸಿದ್ದೇನೆ, ಪ್ರತಿ ಸಲವೂ ‘ನೂರಕ್ಕೆ ಎಷ್ಟು’ ಎನ್ನುತ್ತಾರೆ. ಡಿಸ್ಟಿಂಕ್ಷನ್ ಎಂಬ ಪದ ಮಾತ್ರ ಅವರಿಗೆ ಗೊತ್ತು.

ಎಲ್ಬೆ ದಂಡೆಯವರೇ, ಇಂದು ಮಧ್ಯಾಹ್ನ ಮಾರ್ಗದರ್ಶಕರ ಮಿಂಚಂಚೆ ಬಂತು. ಮೊದಲ ಪರೀಕ್ಷಕರು, ಅಂದರೆ ಅವರೇ, 1.0 ಕೊಟ್ಟಿದ್ದಾರೆ. ಎರಡನೆಯ ಪರೀಕ್ಷಕರು 1.3. ಈಗ?

ಜೋಳದರೊಟ್ಟಿ

1.0 ಮತ್ತು 1.3ರ ಸರಾಸರಿ 1.15. ಇಂಥ ಅಂಕವೇ ಇಲ್ಲ, ಹಾಗಾಗಿ ಹತ್ತಿರದ ಮೆಟ್ಟಿಲಿಗೆ ತರುತ್ತಾರೆ. ನನ್ನ ಸ್ನೇಹಿತನಿಗೆ ಹಾಗೆಯೇ ಮಾಡಿದರು.

ಎಲ್ಬೆ ದಂಡೆ

ಕೆಲವು ಕಡೆ ಹಾಗೆ ಮಾಡುತ್ತಾರೆ, ನಿಮ್ಮ ಸ್ನೇಹಿತರ ವಿಷಯ ನಿಜವಿರಬಹುದು. ಆದರೆ 1.15 ಎರಡೂ ಮೆಟ್ಟಿಲಿಗೆ ಸಮದೂರದಲ್ಲಿದೆ, ಆಗ ಯಾವ ಕಡೆಗೆ ತರುವುದು ಎಂಬುದನ್ನೂ ನಿಯಮವೇ ಹೇಳಬೇಕು. ಇವರ ನಿಯಮಾವಳಿಯಲ್ಲಿ ಮೆಟ್ಟಿಲಿಗೆ ತರುವ ಮಾತು ಕಾಣುತ್ತಿಲ್ಲ.

ಪಾವಗಡದವರೇ, ಈಗ ಇಡೀ ವಿಷಯ ಒಂದೇ ಪ್ರಶ್ನೆಗೆ ಬಂದು ನಿಂತಿದೆ. ಕತ್ತರಿ ಎಷ್ಟು ಸಲ ಬೀಳುತ್ತದೆ? ಬರವಣಿಗೆಯ 1.15ನ್ನು ಹಾಗೆಯೇ ಮುಂದಕ್ಕೆ ಒಯ್ದರೆ, ಕೊಲೊಕ್ವಿಯಂನಲ್ಲಿ 1.0 ಬಂದರೂ ಮಾಡ್ಯೂಲ್ 1.1125 ಆಗುತ್ತದೆ. ಅಲ್ಲಿ ಕತ್ತರಿಸಿದರೆ 1.1, ಒಟ್ಟು ಸರಿಯಾಗಿ 1.3. ಕತ್ತರಿಸದಿದ್ದರೆ ಒಟ್ಟು 1.3035. ಎರಡೂ ಸೋಲು. ಆದರೆ ಇಬ್ಬರು ಪರೀಕ್ಷಕರ ಸರಾಸರಿಯನ್ನೇ ಮೊದಲು ಕತ್ತರಿಸಿ 1.1 ಮಾಡಿದರೆ, ಮೂರು ಪಾಲು 1.1 ಮತ್ತು ಒಂದು ಪಾಲು 1.0 ಸೇರಿ 1.075. ಆಗ ಮಾಡ್ಯೂಲ್‌ನಲ್ಲಿ ಕತ್ತರಿಸಿದರೂ ಬಿಟ್ಟರೂ ಒಟ್ಟು 1.3ರ ಕೆಳಗೇ ಉಳಿಯುತ್ತದೆ. ಪ್ರಮಾಣಪತ್ರದಲ್ಲಿ 1.2.

ಹಾಗಾದಲ್ಲಿ ಕೊಲೊಕ್ವಿಯಂ 1.0 ಆಗಲೇಬೇಕು. 1.3 ಬಂದರೆ ಮಾಡ್ಯೂಲ್ 1.15, ಮತ್ತೆ ಸೋಲು. ಮೊದಲು ಇದ್ದ ಸಡಿಲಿಕೆ ಎರಡನೆಯ ಪರೀಕ್ಷಕರ 1.3ರಿಂದ ಹೋಯಿತು.

ಪರೀಕ್ಷಾ ಕಚೇರಿಗೆ ಈಗಲೇ ಬರೆದು ಕೇಳಿ. ಅಂಕ ಹೆಚ್ಚಿಸಿ ಎಂದಲ್ಲ. ಲೆಕ್ಕದ ಕ್ರಮ ಯಾವುದು ಎಂದಷ್ಟೇ. ಫಲಿತಾಂಶಕ್ಕೆ ಮೊದಲು ಕೇಳಿದ ಪ್ರಶ್ನೆಗೂ ನಂತರ ಕೇಳಿದ ಪ್ರಶ್ನೆಗೂ ಆ ಕಿಟಕಿಯ ಹಿಂದೆ ಬೇರೆ ಬೇರೆ ಮುಖ ಸಿಗುತ್ತದೆ.

ಲೀಡ್ಸ್ ಮಳೆ

ಇಂಗ್ಲೆಂಡಿನಲ್ಲಿ ನಮಗೆ ಇಷ್ಟು ತಲೆನೋವಿರಲಿಲ್ಲ. 180ರಲ್ಲಿ 60 ಕ್ರೆಡಿಟ್ ಪ್ರಬಂಧಕ್ಕೆ, 70 ದಾಟಿದರೆ ಡಿಸ್ಟಿಂಕ್ಷನ್. ನನಗೆ ಮೌಖಿಕ ಪರೀಕ್ಷೆಯೇ ಇರಲಿಲ್ಲ. ಇಷ್ಟೆಲ್ಲ ಕಷ್ಟಪಡುವ ಬದಲು ಆ 2.3 ಬಂದ ಪರೀಕ್ಷೆಯನ್ನು ಮತ್ತೆ ಬರೆಯಬಾರದೇ?

ಎಲ್ಬೆ ದಂಡೆ

ಇಲ್ಲಿ ಉತ್ತೀರ್ಣರಾದ ಪರೀಕ್ಷೆಯನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಎಳೆ ಇದೆ. ಕೆಲವು ನಿಯಮಾವಳಿಗಳಲ್ಲಿ ಐಚ್ಛಿಕ ಮಾಡ್ಯೂಲ್‌ಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಮಾಡಿದರೆ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ವಿದ್ಯಾರ್ಥಿಯೇ ಆರಿಸಬಹುದು. ಪಾವಗಡದವರೇ, ಆ 2.0 ಐಚ್ಛಿಕವೇ? ಅದರ ಜಾಗದಲ್ಲಿ 1.0 ಬಂದ ಇನ್ನೊಂದು ಮಾಡ್ಯೂಲ್ ಕೂತರೆ ಕೋರ್ಸ್‌ಗಳ ಮೊತ್ತ 107.4ರಿಂದ 101.4ಕ್ಕೆ ಇಳಿಯುತ್ತದೆ. ಆಗ ಪ್ರಬಂಧದ ಮಾಡ್ಯೂಲ್ 1.3ಕ್ಕಿಂತ ಕೆಳಗಿದ್ದರೆ ಸಾಕು. ಕೊಲೊಕ್ವಿಯಂನಲ್ಲಿ 1.7 ಬಂದರೂ ನಡೆಯುತ್ತದೆ. ಒಂದು ಐಚ್ಛಿಕ ವಿಷಯ ಇಡೀ ಸಮರ್ಥನೆಗಿಂತ ಹೆಚ್ಚು ಎತ್ತುತ್ತದೆ, ನೋಡಿ.

ಆದರೆ ಕೊನೆಯ ಅಂಕ ದಾಖಲಾದ ಕ್ಷಣಕ್ಕೆ ವ್ಯಾಸಂಗ ಮುಗಿಯುತ್ತದೆ. ಆಮೇಲೆ ಬದಲಿಸಲಾಗದು. ಮಾಡುವುದಾದರೆ ಕೊಲೊಕ್ವಿಯಂಗೆ ಮೊದಲೇ.

ಪಾವಗಡದ ಹುಡುಗಿ

2.0 ಐಚ್ಛಿಕವೇ. ನಿಯಮವೂ ಬಿಡುತ್ತದೆ. ಆದರೆ ನನ್ನ ಬಳಿ ಹೆಚ್ಚುವರಿ ಮಾಡ್ಯೂಲ್ ಇಲ್ಲ. ಈಗ ಸೇರಿದರೆ ಪರೀಕ್ಷೆ ಮುಂದಿನ ಫೆಬ್ರವರಿಗೆ. ಇನ್ನೊಂದು ಸೆಮಿಸ್ಟರ್‌ನ ಶುಲ್ಕ, ವಿಮೆ, ಬಾಡಿಗೆ. ವೀಸಾ ಕೂಡ ವಿಸ್ತರಿಸಬೇಕು. ಅದೂ ಹೊಸ ವಿಷಯದಲ್ಲಿ 1.0 ಬಂದರೆ ಮಾತ್ರ. ಮನಸ್ಸು ಒಪ್ಪುತ್ತಿಲ್ಲ.

ಲೀಡ್ಸ್ ಮಳೆ

ನಾನಾಗಿದ್ದರೆ ಮಾಡುತ್ತಿದ್ದೆ. ಪ್ರಮಾಣಪತ್ರ ಜೀವನಪೂರ್ತಿ ಇರುತ್ತದೆ, ಬಾಡಿಗೆ ಆರು ತಿಂಗಳು.

ನೇರಮಾತು

ಆ ಬಾಡಿಗೆಯನ್ನು ನೀವು ಕಳುಹಿಸುತ್ತೀರಾ?

ಮಲೆನಾಡಿನ ಮಾಸ್ತರು

ಲೆಕ್ಕದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ತಂಗಿ, ಎಲ್ಲರೂ 1.0 ಬೇಕು ಎನ್ನುತ್ತಿದ್ದಾರೆ, ಅದನ್ನು ತರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಎರಡನೆಯ ಪರೀಕ್ಷಕರು 1.3 ಕೊಟ್ಟಿದ್ದಕ್ಕೆ ಕಾರಣ ಬರೆದಿರಬೇಕಲ್ಲವೇ? ಅದೇ ನಿಮ್ಮ ಪ್ರಶ್ನೆಪತ್ರಿಕೆ. ಅವರು ಬರೆದಿದ್ದನ್ನೇ ಕೇಳುತ್ತಾರೆ.

ಪಾವಗಡದ ಹುಡುಗಿ

ಮಾಸ್ತರೇ, ವರದಿಯ ಪ್ರತಿ ನಿನ್ನೆ ಸಿಕ್ಕಿತು. ಎರಡು ಆಕ್ಷೇಪಗಳಿವೆ. ನೀರಿನಲ್ಲಿರುವ ಫ್ಲೋರೈಡನ್ನು ಸಕ್ರಿಯಗೊಳಿಸಿದ ಅಲ್ಯೂಮಿನಾ ಎಷ್ಟು ಹೀರುತ್ತದೆ ಎಂದು ನಾನು ಅಳೆದಿದ್ದೆ. ನೀರಿನಲ್ಲಿ ಉಳಿದದ್ದಕ್ಕೂ ಹೀರಿದ್ದಕ್ಕೂ ಇರುವ ಸಂಬಂಧವನ್ನು ಹೇಳುವ ಲ್ಯಾಂಗ್‌ಮ್ಯೂರ್ ಸಮೀಕರಣವನ್ನು ಸರಳ ರೇಖೆಯ ರೂಪಕ್ಕೆ ತಂದು ಗೆರೆ ಎಳೆದಿದ್ದೆ, ಹೊಂದಾಣಿಕೆ 0.99ರ ಮೇಲಿತ್ತು. ಆ ರೂಪವನ್ನು ಏಕೆ ಬಳಸಿದಿರಿ ಎಂದು ಮೊದಲ ಆಕ್ಷೇಪ. ಎರಡನೆಯದು, ಪ್ರಯೋಗವನ್ನೆಲ್ಲ ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಸೇರಿಸಿ ಮಾಡಿದ್ದೀರಿ, ಕೊಳವೆಬಾವಿ ನೀರು ಎಲ್ಲಿ ಎಂದು. ಮೊದಲನೆಯದು ನನಗೆ ಅರ್ಥವೇ ಆಗಲಿಲ್ಲ. ಎಲ್ಲ ಪ್ರಕಟಿತ ಲೇಖನಗಳಲ್ಲೂ ಹಾಗೆಯೇ ಮಾಡಿರುತ್ತಾರೆ.

ಮಲೆನಾಡಿನ ಮಾಸ್ತರು

ಎಲ್ಲರೂ ಮಾಡುತ್ತಾರೆ ಎಂದು ಕೊಲೊಕ್ವಿಯಂನಲ್ಲಿ ಮಾತ್ರ ಹೇಳಬೇಡಿ.

ನಿಮ್ಮ ನಕ್ಷೆಯನ್ನು ನೆನಪಿಸಿಕೊಳ್ಳಿ. ಅಡ್ಡ ಅಕ್ಷದಲ್ಲಿ ದ್ರಾವಣದಲ್ಲಿ ಉಳಿದ ಸಾರತೆ. ನೆಟ್ಟ ಅಕ್ಷದಲ್ಲಿ ಅದೇ ಸಾರತೆಯನ್ನು ಹೀರಿದ ಪ್ರಮಾಣದಿಂದ ಭಾಗಿಸಿದ್ದು. ಒಂದೇ ಸಂಖ್ಯೆ ಎರಡೂ ಕಡೆ ಕೂತಿದೆ. ತನ್ನ ನೆರಳಿನ ಜೊತೆ ತಾನೇ ಹೋಲಿಸಿಕೊಂಡರೆ ಹೊಂದಾಣಿಕೆ ಚೆನ್ನಾಗಿ ಬರದೆ ಇನ್ನೇನು? 0.99 ಬಂದಿದ್ದು ನಿಮ್ಮ ಅಲ್ಯೂಮಿನಾದ ಗುಣವಲ್ಲ, ನಕ್ಷೆಯ ಗುಣ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ರೂಪದಲ್ಲಿ ದೂರದ ಬಿಂದುಗಳು, ಅಂದರೆ ಹೆಚ್ಚಿನ ಸಾರತೆಯವು, ಗೆರೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಮೂಲೆಯಲ್ಲಿ ಒತ್ತಿಕೊಂಡು ಕೂತ ಕಡಿಮೆ ಸಾರತೆಯ ಬಿಂದುಗಳ ಮಾತು ಯಾರೂ ಕೇಳುವುದಿಲ್ಲ. ಆದರೆ ಕುಡಿಯುವ ನೀರಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಿಮಗೆ ಬೇಕಾದ್ದೇ ಆ ಮೂಲೆ! ಲ್ಯಾಂಗ್‌ಮ್ಯೂರ್ ಸಮೀಕರಣವನ್ನು ಬಗ್ಗಿಸದೆ ಮೂಲ ವಕ್ರರೇಖೆಯ ರೂಪದಲ್ಲೇ ದತ್ತಾಂಶಕ್ಕೆ ಹೊಂದಿಸಿ. ಲೆಕ್ಕದ ಹಾಳೆಯ ಯಾವ ತಂತ್ರಾಂಶವೂ ಮಾಡುತ್ತದೆ. ಆಮೇಲೆ ಪ್ರತಿ ಬಿಂದುವೂ ರೇಖೆಯಿಂದ ಎಷ್ಟು ತಪ್ಪಿದೆ ಎಂಬುದನ್ನು ಬೇರೆ ಚಿತ್ರವಾಗಿ ಹಾಕಿ. ಆ ತಪ್ಪುಗಳು ಅಲ್ಲಲ್ಲಿ ಚೆಲ್ಲಿದಂತಿದ್ದರೆ ಸರಿ. ಸಣ್ಣ ಸಾರತೆಯಲ್ಲಿ ಎಲ್ಲವೂ ಒಂದೇ ಬದಿಗೆ ಬಿದ್ದಿದ್ದರೆ ಸಮೀಕರಣವೇ ಅಲ್ಲಿ ಹೊಂದುತ್ತಿಲ್ಲ ಎಂದರ್ಥ.

ಎರಡನೆಯ ಆಕ್ಷೇಪಕ್ಕೆ ಪ್ರಯೋಗ ಮಾಡುವ ಸಮಯ ನಿಮಗಿಲ್ಲ. ತಪ್ಪೆಂದು ಒಪ್ಪಿಕೊಂಡು, ಯಾವ ದಿಕ್ಕಿನಲ್ಲಿ ತಪ್ಪು ಎಂದು ಹೇಳಿ. ನಿಮ್ಮೂರಿನ ನೀರು ಕ್ಷಾರೀಯ, ಬೈಕಾರ್ಬನೇಟ್ ಹೆಚ್ಚು. ಅಲ್ಯೂಮಿನಾ ಚೆನ್ನಾಗಿ ಹೀರುವುದು ಪಿಎಚ್ 5.5ರಿಂದ 6ರ ಆಸುಪಾಸಿನಲ್ಲಿ. ಕ್ಷಾರೀಯ ನೀರಿನಲ್ಲಿ ಅದರ ಸಾಮರ್ಥ್ಯ ಇಳಿಯುತ್ತದೆ, ಬೈಕಾರ್ಬನೇಟ್ ಕೂಡ ಅದಕ್ಕೆ ಪೈಪೋಟಿ ಕೊಡುತ್ತದೆ. ಹಾಗಾಗಿ ನಿಮ್ಮ ಸಂಖ್ಯೆ ವಾಸ್ತವಕ್ಕಿಂತ ಹೆಚ್ಚು. ಇಷ್ಟನ್ನು ಅವರು ಕೇಳುವ ಮೊದಲೇ ನೀವೇ ಹೇಳಿದರೆ ಒಳ್ಳೆಯದು.

ಪಾವಗಡದ ಹುಡುಗಿ

ಮಾಸ್ತರೇ, ಬೆಳಗಿನ ಎರಡು ಗಂಟೆ. ವಕ್ರರೇಖೆಯನ್ನೇ ಹೊಂದಿಸಿ ನೋಡಿದೆ. ಗರಿಷ್ಠ ಸಾಮರ್ಥ್ಯ ಮೊದಲಿಗಿಂತ ಕಡಿಮೆ ಬಂತು. ತಪ್ಪುಗಳ ಚಿತ್ರದಲ್ಲಿ ಲೀಟರಿಗೆ 2 ಮಿಲಿಗ್ರಾಂ ಕೆಳಗಿನ ನಾಲ್ಕೂ ಬಿಂದುಗಳು ರೇಖೆಯ ಒಂದೇ ಬದಿಗೆ ಬಿದ್ದಿವೆ. ನಾಲ್ಕೂ! ಆರು ತಿಂಗಳಿಂದ ಅದೇ ದತ್ತಾಂಶವನ್ನು ನೋಡುತ್ತಿದ್ದೆ.

ಮಲೆನಾಡಿನ ಮಾಸ್ತರು

ಆ ಚಿತ್ರ ಕೊನೆಯ ಸ್ಲೈಡ್ ಆಗದಿರಲಿ. ನಡುವೆಯೇ ತೋರಿಸಿ. ಈಗ ಮಲಗಿ.

ಜೋಳದರೊಟ್ಟಿ

ತಪ್ಪನ್ನು ತಾನೇ ಎತ್ತಿ ತೋರಿಸಿದರೆ ಅಂಕ ಕಡಿಮೆಯಾಗುವುದಿಲ್ಲವೇ? ಬರವಣಿಗೆಯ ಅಂಕವನ್ನೂ ಇಳಿಸಿಬಿಟ್ಟರೆ?

ಎಲ್ಬೆ ದಂಡೆ

ಬರವಣಿಗೆಗೆ ಇಬ್ಬರೂ ವರದಿ ಬರೆದು ಸಹಿ ಹಾಕಿ ಕೊಟ್ಟಾಗಿದೆ. ಕೊಲೊಕ್ವಿಯಂಗೆ ಪ್ರತ್ಯೇಕ ಅಂಕ, ಪ್ರತ್ಯೇಕ ನಡಾವಳಿ. ಆ ಭಯ ಬೇಡ.

ಪಾವಗಡದ ಹುಡುಗಿ

ಎರಡು ವಾರಗಳ ನಂತರ ಬರುತ್ತಿದ್ದೇನೆ. ಇಂದು ಕೊಲೊಕ್ವಿಯಂ ಮುಗಿಯಿತು.

ಇಪ್ಪತ್ತು ನಿಮಿಷ ನನ್ನ ಮಾತು, ಸುಮಾರು ನಲವತ್ತು ನಿಮಿಷ ಪ್ರಶ್ನೆ. ತಪ್ಪುಗಳ ಚಿತ್ರವನ್ನು ಹನ್ನೊಂದನೆಯ ನಿಮಿಷಕ್ಕೆ ಹಾಕಿದೆ. ಎರಡನೆಯ ಪರೀಕ್ಷಕರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡರು. ಆಮೇಲೆ ಪ್ರಶ್ನೆಗಳೆಲ್ಲ ಆ ನಾಲ್ಕು ಬಿಂದುಗಳ ಬಗ್ಗೆಯೇ. ಅಲ್ಯೂಮಿನಾದ ಮೇಲ್ಮೈಯಲ್ಲಿ ಎಲ್ಲ ಸ್ಥಾನಗಳೂ ಒಂದೇ ಬಲದವು ಎಂದು ಲ್ಯಾಂಗ್‌ಮ್ಯೂರ್ ಊಹಿಸುತ್ತದೆ, ಅದು ನಿಮ್ಮಲ್ಲಿ ನಿಜವೇ ಎಂದು ಕೇಳಿದರು. ಬಹುಶಃ ಅಲ್ಲ, ಬಲವಾದ ಸ್ಥಾನಗಳು ಮೊದಲು ತುಂಬಿಕೊಂಡಿರಬಹುದು, ಆದರೆ ನಾಲ್ಕು ಬಿಂದುಗಳಿಂದ ಅದನ್ನು ಸಾಧಿಸಲಾರೆ ಎಂದೆ. ಕೊಳವೆಬಾವಿ ನೀರಿನ ಬಗ್ಗೆ ಕೇಳಲೇ ಇಲ್ಲ, ನಾನೇ ಹೇಳಿಬಿಟ್ಟಿದ್ದೆ.

ಹೊರಗೆ ಕಾರಿಡಾರ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಒಳಗೆ ಕರೆದು ಕೈಕುಲುಕಿದರು. 1.0.

ಎಂಟೆಕ್ ಮುಗಿಸಿದವನು

ನಾನು ಹೇಳಿರಲಿಲ್ಲವೇ! ಊರು ಯಾವುದು ಎಂದು ಕೇಳಿದರೇ?

ಪಾವಗಡದ ಹುಡುಗಿ

ಕೇಳಿದರು, ನಿಜವಾಗಿಯೂ. ಭೂಪಟದಲ್ಲಿ ತೋರಿಸಿದೆ.

ಆದರೆ ಇನ್ನೊಂದು ಸುದ್ದಿಯಿದೆ. ಪೋರ್ಟಲ್‌ನಲ್ಲಿ ಸಂಜೆಯೇ ಅಂಕ ಏರಿತು. ಪ್ರಬಂಧದ ಮಾಡ್ಯೂಲ್ 1.1, ಒಟ್ಟು ಅಂಕ 1.3. ಪರೀಕ್ಷಾ ಕಚೇರಿಗೆ ಮೊದಲೇ ಬರೆದಿದ್ದ ಪ್ರಶ್ನೆಗೆ ಉತ್ತರವೇ ಬಂದಿರಲಿಲ್ಲ.

ಎಲ್ಬೆ ದಂಡೆ

ಮಾಡ್ಯೂಲ್ 1.1 ಎಂದು ತೋರಿಸುತ್ತಿದೆ ಎಂದರೆ ತಂತ್ರಾಂಶ 1.15ನ್ನು ಹಾಗೆಯೇ ಒಯ್ದು, 1.1125 ಬಂದ ಮೇಲೆ ಕತ್ತರಿಸಿದೆ. ನಿಮ್ಮ ನಿಯಮಾವಳಿಯಲ್ಲಿ ಒಂದು ಪರೀಕ್ಷೆಯನ್ನು ಇಬ್ಬರು ಮೌಲ್ಯಮಾಪನ ಮಾಡಿದಾಗ ಏನು ಎಂಬ ವಾಕ್ಯವನ್ನು ಹುಡುಕಿ. ಒಟ್ಟು ಅಂಕದ ಕಲಮಿನಲ್ಲಲ್ಲ, ಮೌಲ್ಯಮಾಪನದ ಕಲಮಿನಲ್ಲಿ.

ಪಾವಗಡದ ಹುಡುಗಿ

ಸಿಕ್ಕಿತು. ಹೆಚ್ಚು ಕಡಿಮೆ ಹೀಗಿದೆ: ಒಂದು ಪರೀಕ್ಷೆಯನ್ನು ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಮೌಲ್ಯಮಾಪನ ಮಾಡಿದರೆ ಅವರ ಅಂಕಗಳ ಸರಾಸರಿಯೇ ಆ ಪರೀಕ್ಷೆಯ ಅಂಕ, ಮೊದಲ ದಶಮಾಂಶ ಸ್ಥಾನವನ್ನು ಮಾತ್ರ ಪರಿಗಣಿಸಿ ಉಳಿದವನ್ನು ಕೈಬಿಡಲಾಗುವುದು.

ಎಲ್ಬೆ ದಂಡೆ

ಇದೇ ಬೇಕಿತ್ತು. ನನ್ನ ಓದಿನ ಪ್ರಕಾರ ಬರವಣಿಗೆಯ ಅಂಕ 1.1. ಅಲ್ಲಿಂದ ಮುಂದೆ 1.075, ಒಟ್ಟು 1.2. ಪರೀಕ್ಷಾ ಕಚೇರಿಗೆ ಆ ಕಲಮಿನ ಸಂಖ್ಯೆ ಹಾಕಿ, ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಳುಹಿಸಿ. ಪ್ರತಿಯನ್ನು ಪರೀಕ್ಷಾ ಸಮಿತಿಯ ಅಧ್ಯಕ್ಷರಿಗೂ ಕಳುಹಿಸಿ. ಪ್ರಮಾಣಪತ್ರ ಅಚ್ಚಾಗುವ ಮೊದಲೇ ತಲುಪಲಿ. ಅಧಿಕೃತ ಫಲಿತಾಂಶದ ಪತ್ರ ಬಂದರೆ ಅದರ ಕೊನೆಯಲ್ಲಿ ಆಕ್ಷೇಪಣೆಯ ಅವಧಿಯನ್ನು ಬರೆದಿರುತ್ತಾರೆ, ಸಾಮಾನ್ಯವಾಗಿ ಒಂದು ತಿಂಗಳು. ಆ ದಿನಾಂಕವನ್ನು ಗುರುತು ಹಾಕಿಕೊಳ್ಳಿ.

ನೇರಮಾತು

ನನಗೆ ಅಷ್ಟು ಖಚಿತವಿಲ್ಲ. ಪ್ರಬಂಧದ ಮಾಡ್ಯೂಲ್ ಅನ್ನು ಒಂದೇ ಪರೀಕ್ಷೆ ಎಂದು ಅವರು ವಾದಿಸಿದರೆ? ಆಗ ಕತ್ತರಿ ಒಂದೇ ಸಲ ಬೀಳುತ್ತದೆ, ತಂತ್ರಾಂಶ ಮಾಡಿದ್ದೇ ಸರಿಯಾಗುತ್ತದೆ.

ಎಲ್ಬೆ ದಂಡೆ

ಹಾಗೆ ವಾದಿಸಬಹುದು. ಆದರೆ ಬರವಣಿಗೆಗೂ ಕೊಲೊಕ್ವಿಯಂಗೂ ಬೇರೆ ಬೇರೆ ಅಂಕ, ಬೇರೆ ಬೇರೆ ನಡಾವಳಿ ಇರುವಾಗ ಅವು ಎರಡು ಪರೀಕ್ಷೆಗಳು ಎಂಬುದೇ ಬಲವಾದ ಓದು. ನಾನಿದ್ದ ಸಮಿತಿಯಲ್ಲಿ ಇದು ಬಂದಿದ್ದರೆ ವಿದ್ಯಾರ್ಥಿಯ ಪರ ಕೈ ಎತ್ತುತ್ತಿದ್ದೆ. ಉಳಿದವರ ಕೈಗಳ ಬಗ್ಗೆ ಹೇಳಲಾರೆ.

ಪಾವಗಡದ ಹುಡುಗಿ

ಬೆಳಿಗ್ಗೆ ಕಳುಹಿಸಿದೆ. ಮಧ್ಯಾಹ್ನ ಆ ಕಚೇರಿಯ ಮಹಿಳೆಯೇ ಫೋನ್ ಮಾಡಿದರು. ತಂತ್ರಾಂಶವನ್ನು ತಾವು ರಚಿಸಿಲ್ಲ, ಆದರೆ ಈ ವಾಕ್ಯ ತಮ್ಮ ಕಣ್ಣಿಗೂ ಹಾಗೆಯೇ ಕಾಣುತ್ತಿದೆ, ಅಧ್ಯಕ್ಷರು ಸಮಿತಿಯ ಮುಂದಿನ ಸಭೆಗೆ ಇಡುತ್ತಾರೆ, ಅಲ್ಲಿಯವರೆಗೆ ಪ್ರಮಾಣಪತ್ರ ಅಚ್ಚು ಮಾಡುವುದಿಲ್ಲ ಎಂದರು. ಸಭೆ 14ನೇ ತಾರೀಕಿಗೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ 10. ಆ ಚೌಕದಲ್ಲಿ ಏನು ತುಂಬಬೇಕು ಎಂದು ಈಗ ಅವರಿಗೆ ಬರೆದು ಕೇಳಬೇಕಾಗಿದೆ.

ಜೋಳದರೊಟ್ಟಿ

ನನ್ನ ಮೊದಲ ಲೆಕ್ಕದಲ್ಲಿ 1.2 ಎಂದೇ ಬಂದಿತ್ತು, ಯಾರಾದರೂ ನೆನಪಿಡಿ.